ಶೀರ್ಷಿಕೆ ಬಂದು ನಿಲ್ಲುವ ಬಗೆ

ರಾಜ್ಯೋತ್ಸವ ಹತ್ತಿರ ಬಂದಂತೆ ನಮ್ಮ ಹಲವು ಮನೆಗಳಲ್ಲಿ ವಿಡಿಯೊ ಜೋಡಿಸುವ ಕೆಲಸ ಶುರುವಾಗುತ್ತದೆ. ಮಕ್ಕಳ ಹಾಡು, ನಾಟಕದ ತುಣುಕುಗಳಿಗೆ ಮೊದಲು ‘ಕನ್ನಡ ರಾಜ್ಯೋತ್ಸವ’ ಎಂಬ ಶೀರ್ಷಿಕೆ ಎಡಗಡೆಯಿಂದ ಪರದೆಗೆ ಬರಬೇಕು. ಹಾಗೆ ಬರಿಸುವುದು ಸುಲಭ. ಆದರೆ ಆಡಿಸಿ ನೋಡಿದಾಗ ಶೀರ್ಷಿಕೆ ಒಂದೇ ಸಮನೆ ಬಂದು, ಗೋಡೆಗೆ ತಾಗಿದ ಹಾಗೆ ಗಕ್ಕನೆ ನಿಂತುಬಿಡುತ್ತದೆ. ಅಕ್ಷರ, ಬಣ್ಣ ಎಲ್ಲ ಚೆನ್ನಾಗಿದ್ದರೂ ಅದು ಯಂತ್ರ ತಳ್ಳಿದಂತೆ ಕಾಣುತ್ತದೆ.

ಕಾರಣ ಸರಳ. ನಾವು ತಂತ್ರಾಂಶಕ್ಕೆ ಎರಡೇ ವಿಷಯ ಹೇಳಿರುತ್ತೇವೆ: ಎಲ್ಲಿಂದ ಹೊರಡಬೇಕು, ಎಲ್ಲಿ ನಿಲ್ಲಬೇಕು. ಈ ಎರಡು ಗುರುತುಗಳೇ ಕೀಫ್ರೇಮ್‌ಗಳು. ನಡುವಿನ ಫ್ರೇಮ್‌ಗಳನ್ನು ತಂತ್ರಾಂಶ ತಾನೇ ತುಂಬುತ್ತದೆ, ಬೇರೇನೂ ಹೇಳದಿದ್ದರೆ ದೂರವನ್ನು ಸಮಪಾಲು ಮಾಡಿ ಹಂಚುತ್ತದೆ. ಕೈಯಲ್ಲಿ ಚಿತ್ರ ಬರೆಯುತ್ತಿದ್ದ ಕಾಲದಲ್ಲೂ ಹೀಗೆಯೇ ಇತ್ತು. ಹಿರಿಯ ಕಲಾವಿದರು ಮುಖ್ಯ ಭಂಗಿಗಳನ್ನು ಬರೆದರೆ, ಸಹಾಯಕರು ನಡುವಿನ ಚಿತ್ರಗಳನ್ನು ಬರೆಯುತ್ತಿದ್ದರು. ಆದರೆ ಆ ನಡುವಿನ ಚಿತ್ರಗಳು ಸಮ ಅಂತರದಲ್ಲಿ ಇರುತ್ತಿರಲಿಲ್ಲ, ಚಲನೆ ಶುರುವಾಗುವ ಮತ್ತು ಮುಗಿಯುವ ಕಡೆ ಒತ್ತೊತ್ತಾಗಿ ಇರುತ್ತಿದ್ದವು. ಡಿಸ್ನಿಯ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್ಸ್‌ಟನ್ 1981ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅನಿಮೇಶನ್‌ನ 12 ಸೂತ್ರಗಳನ್ನು ಪಟ್ಟಿ ಮಾಡಿದರು. ಅವುಗಳಲ್ಲಿ ಇದೂ ಒಂದು. ಇಂದಿನ ತಂತ್ರಾಂಶಗಳಲ್ಲಿ ಇದಕ್ಕೆ ಈಸ್ ಇನ್, ಈಸ್ ಔಟ್ ಎಂಬ ಹೆಸರು.

ಲೆಕ್ಕ ಹಾಕಿ ನೋಡೋಣ. ನಮ್ಮ ವಿಡಿಯೊದಲ್ಲಿ ಸೆಕೆಂಡಿಗೆ 30 ಫ್ರೇಮ್. ಶೀರ್ಷಿಕೆಯ ಅಗಲ 800 ಪಿಕ್ಸೆಲ್. ಅದು ಪೂರ್ತಿ ಪರದೆಯ ಹೊರಗಿನಿಂದ ಹೊರಟು, ಎಡ ಅಂಚಿನಿಂದ 100 ಪಿಕ್ಸೆಲ್ ಒಳಗೆ ನಿಲ್ಲಬೇಕು. ಅಂದರೆ ಒಂದು ಸೆಕೆಂಡಿನಲ್ಲಿ 900 ಪಿಕ್ಸೆಲ್ ಪಯಣ. ಸಮಪಾಲು ಮಾಡಿದರೆ ಪ್ರತಿ ಫ್ರೇಮಿಗೂ 30 ಪಿಕ್ಸೆಲ್. ಕೊನೆಯ ಹೆಜ್ಜೆಯೂ 30, ಅದರ ಮುಂದಿನದು ಸೊನ್ನೆ. ಕಣ್ಣಿಗೆ ಹೊಡೆಯುವ ಜರ್ಕು ಇಲ್ಲಿಯೇ ಇರುವುದು.

ಈಗ ವೇಗವಾಗಿ ಬಂದು ನಿಧಾನವಾಗಿ ನಿಲ್ಲಲಿ. ಮೊದಲ ಹೆಜ್ಜೆ 59 ಪಿಕ್ಸೆಲ್, ಮುಂದಿನದು 57, ಆಮೇಲೆ 55, ಹೀಗೆ ಎರಡೆರಡು ಕಡಿಮೆಯಾಗುತ್ತಾ ಕೊನೆಗೆ 5, 3, 1. ಒಂದರಿಂದ 59ರವರೆಗಿನ ಬೆಸ ಸಂಖ್ಯೆಗಳನ್ನೆಲ್ಲ ಮಕ್ಕಳಿಂದಲೇ ಕೂಡಿಸಿ, ಸರಿಯಾಗಿ 900 ಬರುತ್ತದೆ. ಮೇಲಕ್ಕೆಸೆದ ಚೆಂಡು ತುದಿ ತಲುಪುವವರೆಗೆ ಸಮ ಸಮ ಅವಧಿಗಳಲ್ಲಿ ಏರುವ ದೂರಗಳೂ ಇದೇ ಬೆಸ ಸಂಖ್ಯೆಗಳ ಅನುಪಾತದಲ್ಲಿ ಇಳಿಯುತ್ತವೆ. ಬೀಳುವ ವಸ್ತುಗಳಲ್ಲಿ ಈ ನಿಯಮವನ್ನು ಗುರುತಿಸಿದವನು ಗೆಲಿಲಿಯೊ. ನಮ್ಮ ಕಣ್ಣು ಹುಟ್ಟಿದಾಗಿನಿಂದ ನೋಡುತ್ತಾ ಬಂದಿರುವುದು ಇಂಥ ಚಲನೆಯನ್ನೇ, ಆದ್ದರಿಂದಲೇ ಇದು ಸಹಜವೆನಿಸುತ್ತದೆ.

ಇದು ಬರೀ ಅಂದದ ಮಾತಲ್ಲ, ಓದುವವರಿಗೂ ಇದರಿಂದ ಲಾಭವಿದೆ. ಎಡಗಡೆಯಿಂದ ಬರುವ ಶೀರ್ಷಿಕೆಯಲ್ಲಿ ಮೊದಲು ಕಾಣುವುದು ಕೊನೆಯ ಅಕ್ಷರ. ‘ಕನ್ನಡ’ದ ‘ಕ’ ಪೂರ್ತಿ ಕಾಣಲು ಶೀರ್ಷಿಕೆ 800 ಪಿಕ್ಸೆಲ್ ಒಳಗೆ ಬಂದಿರಬೇಕು. ಸಮ ವೇಗದಲ್ಲಿ ಅದು 27ನೇ ಫ್ರೇಮಿನಲ್ಲಿ ಆಗುತ್ತದೆ, ಆಗಲೂ ಅಕ್ಷರಗಳು ಫ್ರೇಮಿಗೆ 30 ಪಿಕ್ಸೆಲ್‌ನಂತೆ ಓಡುತ್ತಿರುತ್ತವೆ. ನಿಧಾನವಾಗುತ್ತಾ ಬಂದರೆ 20ನೇ ಫ್ರೇಮಿಗೇ ಆಗಿಬಿಡುತ್ತದೆ. ಉಳಿದ 10 ಫ್ರೇಮ್‌ಗಳಲ್ಲಿ ಚಲಿಸುವುದು 100 ಪಿಕ್ಸೆಲ್ ಮಾತ್ರ, ಅಷ್ಟರಲ್ಲಿ ಕಣ್ಣು ಓದಲು ಶುರು ಮಾಡಿರುತ್ತದೆ. ಹೊರಗೆ ಹೋಗುವಾಗ ಇದನ್ನೇ ತಿರುಗಿಸಿ: 1, 3, 5 ಎಂದು ಮೆಲ್ಲಗೆ ಹೊರಟು ಕೊನೆಗೆ 59. ಆಗ ‘ಕ’ ಅಂಚಿಗೆ ತಾಗುವುದು 10ನೇ ಫ್ರೇಮಿನಲ್ಲಿ, ಸಮ ವೇಗದಲ್ಲಾದರೆ 4ನೇ ಫ್ರೇಮಿಗೇ ಮರೆಯಾಗತೊಡಗುತ್ತದೆ. ಬರುವಾಗ ಹೋಗುವಾಗ ಸೇರಿ ಸುಮಾರು ಅರ್ಧ ಸೆಕೆಂಡು ಉಳಿಯಿತು. ‘ರಾಜ್ಯೋತ್ಸವ’ದ ಒತ್ತಕ್ಷರಗಳನ್ನು ಬಿಡಿಸಿ ಬಿಡಿಸಿ ಓದುವ ನಮ್ಮ ಪುಟಾಣಿಗಳಿಗೆ ಆ ಅರ್ಧ ಸೆಕೆಂಡು ಚಿಕ್ಕದಲ್ಲ.

ಹಾಗಾದರೆ ಎರಡೂ ತುದಿಗಳನ್ನು ನಿಧಾನ ಮಾಡಿದರಾಯಿತಲ್ಲ ಎಂದು ನೀವು ಕೇಳಬಹುದು. ಹೊರಗಿನಿಂದ ಬರುವ ಶೀರ್ಷಿಕೆಗೆ ಅದು ಬೇಡ. ನಿಧಾನವಾಗಿ ಹೊರಟರೆ ಮೊದಲ 5 ಫ್ರೇಮ್‌ಗಳಲ್ಲಿ ಅದು ಬರುವುದು 50 ಪಿಕ್ಸೆಲ್ ಮಾತ್ರ, ನಮ್ಮ ಬೆಸ ಸಂಖ್ಯೆಯ ದಾರಿಯಲ್ಲಾದರೆ ಅಷ್ಟರಲ್ಲಿ 275 ಬಂದಿರುತ್ತದೆ. ಹೊರಡುವ ಜಾಗವೇ ನೋಡುಗರಿಗೆ ಕಾಣದಿರುವಾಗ ಅಲ್ಲಿ ಮೃದುವಾಗಿ ಹೊರಟು ಪ್ರಯೋಜನವಿಲ್ಲ, ಸಂಗೀತಕ್ಕಿಂತ ಶೀರ್ಷಿಕೆ ಹಿಂದೆ ಬಿದ್ದಂತೆ ತೋರುತ್ತದೆ ಅಷ್ಟೆ. ಪರದೆಯ ಒಳಗೇ ಒಂದು ಜಾಗದಿಂದ ಇನ್ನೊಂದಕ್ಕೆ ಸರಿಯುವಾಗ ಮಾತ್ರ ಎರಡೂ ಕಡೆ ನಿಧಾನ ಬೇಕು.

ಹೆಸರುಗಳ ವಿಷಯದಲ್ಲಿ ಸ್ವಲ್ಪ ಎಚ್ಚರ. ವೆಬ್ ಪುಟಗಳ ಸಿಎಸ್ಎಸ್‌ನಲ್ಲಿ `ease-out` ಎಂದರೆ ಕೊನೆಯಲ್ಲಿ ನಿಧಾನ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಅದೇ ಕೆಲಸಕ್ಕೆ ಕೊನೆಯ ಕೀಫ್ರೇಮ್ ಆರಿಸಿ Easy Ease In ಕೊಡಬೇಕು, ಏಕೆಂದರೆ ಅಲ್ಲಿ ಹೆಸರು ಕೀಫ್ರೇಮಿನ ಕಡೆಯಿಂದ ಬಂದದ್ದು: ಅದರೊಳಕ್ಕೆ ಬರುವುದು ಇನ್, ಅದರಿಂದ ಹೊರಡುವುದು ಔಟ್. ಪವರ್‌ಪಾಯಿಂಟ್‌ನ Fly In ಆಯ್ಕೆಗಳಲ್ಲಿ Smooth end ಎಂದು ನೇರವಾಗಿಯೇ ಇದೆ. ಪ್ರತಿ ತಂತ್ರಾಂಶದ ಸಿದ್ಧ ಗೆರೆ ನಮ್ಮ ಬೆಸ ಸಂಖ್ಯೆಗಳಿಗೆ ಚಾಚೂ ತಪ್ಪದೆ ಹೊಂದುವುದಿಲ್ಲ, ಆದರೆ ಬಾಗುವ ರೀತಿ ಇದೇ.

ಇನ್ನೊಂದು ತೊಂದರೆ ನಡುವಿನ ಕೀಫ್ರೇಮ್‌ನಲ್ಲಿ ಬರುತ್ತದೆ. ದಾರಿ ಬಾಗಿಸಲೆಂದು ಮಧ್ಯೆ ಒಂದು ಕೀಫ್ರೇಮ್ ಇಟ್ಟು, ಎಲ್ಲವನ್ನೂ ಒಟ್ಟಿಗೆ ಆರಿಸಿ Easy Ease ಒತ್ತಿದರೆ, ಆ ಮಧ್ಯದಲ್ಲೂ ವೇಗ ಸೊನ್ನೆಯಾಗುತ್ತದೆ. ಶೀರ್ಷಿಕೆ ದಾರಿಯಲ್ಲಿ ಏನೋ ಮರೆತವರಂತೆ ನಿಂತು ಮತ್ತೆ ಹೊರಡುತ್ತದೆ. ವೇಗದ ಗ್ರಾಫ್ ತೆರೆದರೆ ಗೆರೆ ನಡುವೆ ನೆಲ ಮುಟ್ಟಿರುವುದು ಕಾಣುತ್ತದೆ. ಆ ಕೀಫ್ರೇಮಿನ ಈಸ್ ತೆಗೆದುಹಾಕಿ, ಅಥವಾ ಸಾಧ್ಯವಾದರೆ ಕೀಫ್ರೇಮನ್ನೇ ತೆಗೆಯಿರಿ.

ಕೊನೆಯಲ್ಲಿ ಮೇಲಕ್ಕೆ ಉರುಳುವ ಹೆಸರುಗಳ ಪಟ್ಟಿಗೆ ಮಾತ್ರ ಇದು ಯಾವುದೂ ಬೇಡ. ಅಲ್ಲಿ ಸಾಲಿನಿಂದ ಸಾಲಿಗೆ ಕಣ್ಣು ಒಂದೇ ಲಯದಲ್ಲಿ ಓದುತ್ತಾ ಹೋಗುತ್ತದೆ, ವೇಗ ಬದಲಾದರೆ ಓದು ತಪ್ಪುತ್ತದೆ. ಸಮ ವೇಗವಿರಲಿ, ಫ್ರೇಮಿಗೆ 2 ಅಥವಾ 3 ಎಂಬಂತೆ ಪೂರ್ಣ ಪಿಕ್ಸೆಲ್‌ಗಳಲ್ಲಿರಲಿ. ಎರಡೂವರೆ ಎಂದಾದರೆ ಅಕ್ಷರಗಳ ತೆಳು ಗೆರೆಗಳು ಅದುರಿದಂತೆ ಕಾಣಬಹುದು.

ನಿಮ್ಮ ವಿಡಿಯೊ ಸರಿಯಾಗಿದೆಯೇ ಎಂದು ನೋಡಲು ಒಂದು ಸುಲಭ ದಾರಿ ಇದೆ. ಶೀರ್ಷಿಕೆ ಬರುವ ಜಾಗದಲ್ಲಿ ನಿಲ್ಲಿಸಿ, ಬಾಣದ ಕೀಲಿಯಿಂದ ಒಂದೊಂದೇ ಫ್ರೇಮ್ ಮುಂದೆ ಹೋಗಿ. ಹೆಜ್ಜೆಗಳು ನಿಲ್ಲುವ ಕಡೆ ಚಿಕ್ಕದಾಗುತ್ತಾ ಹೋಗಬೇಕು. ಆಮೇಲೆ ಮನೆಯ ಮಗುವನ್ನು ಕೂರಿಸಿಕೊಂಡು ಪೂರ್ತಿ ಆಡಿಸಿ, ಗಟ್ಟಿಯಾಗಿ ಓದಲು ಹೇಳಿ. ಶೀರ್ಷಿಕೆ ಹೊರಡುವ ಮೊದಲು ಮಗು ಓದಿ ಮುಗಿಸಿದರೆ ವೇಗ ಸರಿಯಿದೆ ಎಂದರ್ಥ. ಇಲ್ಲವಾದರೆ ಎರಡು ಚಲನೆಗಳ ನಡುವೆ ಶೀರ್ಷಿಕೆ ನಿಂತಿರುವ ಸಮಯವನ್ನು ಹೆಚ್ಚಿಸಿ.