ಮನೆಯ ನೀರಿನ ಹೂಳು ಶೋಧಕ: ಬೇಗ ಕಟ್ಟಿಕೊಳ್ಳುವುದೇಕೆ, ಸೋರುವುದೇಕೆ?

ಕೊಳವೆ ಬಾವಿಯ ಅಥವಾ ಟ್ಯಾಂಕರಿನ ನೀರನ್ನು ಅವಲಂಬಿಸಿರುವ ಅನೇಕ ಮನೆಗಳಲ್ಲಿ, ಮೇಲ್ತೊಟ್ಟಿಯಿಂದ ಇಳಿಯುವ ಮುಖ್ಯ ಕೊಳವೆಗೆ ಹೂಳು ಶೋಧಕವನ್ನು ಜೋಡಿಸಿರುತ್ತಾರೆ. ಇದರ ರಚನೆ ಸರಳವಾದುದು. ಕೊಳವೆಗೆ ಬಿಗಿದ ಒಂದು ಮೇಲ್ಮುಚ್ಚಳ, ಅದಕ್ಕೆ ಕೆಳಗಿನಿಂದ ತಿರುಪಿ ಕೂರಿಸುವ ಉದ್ದನೆಯ ಬಟ್ಟಲು, ಬಟ್ಟಲಿನೊಳಗೆ ನಿಲ್ಲುವ ಕಾರ್ಟ್ರಿಜ್, ಮುಚ್ಚಳ ಮತ್ತು ಬಟ್ಟಲುಗಳ ನಡುವೆ ನೀರು ಹೊರಬಾರದಂತೆ ತಡೆಯುವ ರಬ್ಬರಿನ ಓ-ರಿಂಗ್ ಇವೇ ಅದರ ಭಾಗಗಳು. ನೀರು ಬಟ್ಟಲನ್ನು ಹೊಕ್ಕು, ಕಾರ್ಟ್ರಿಜ್‌ನ ಹೊರಮೈಯಿಂದ ಒಳಕ್ಕೆ ಹಾದು, ನಡುವಿನ ಪೊಳ್ಳಿನ ಮೂಲಕ ಮೇಲೇರಿ ಮನೆಯ ನಲ್ಲಿಗಳಿಗೆ ಹೋಗುತ್ತದೆ.

ಈ ಸಾಧನದ ಬಗ್ಗೆ ಕೇಳಿಬರುವ ದೂರುಗಳು ಮುಖ್ಯವಾಗಿ ಎರಡು. ಹೊಸ ಕಾರ್ಟ್ರಿಜ್ ಹಾಕಿದ ಕೆಲವೇ ದಿನಗಳಲ್ಲಿ ನಲ್ಲಿಯ ನೀರು ಸಣ್ಣಗಾಗುತ್ತದೆ ಎಂಬುದು ಒಂದು. ಕಾರ್ಟ್ರಿಜ್ ಬದಲಾಯಿಸಿದ ಮೇಲೆ ಬಟ್ಟಲಿನ ಕೊರಳಿನಲ್ಲಿ ನೀರು ತೊಟ್ಟಿಕ್ಕುತ್ತದೆ ಎಂಬುದು ಇನ್ನೊಂದು. ಇವೆರಡಕ್ಕೂ ಸಾಮಾನ್ಯವಾಗಿ ಸಾಧನದ ದೋಷ ಕಾರಣವಲ್ಲ. ಆಯ್ಕೆ ಮತ್ತು ಜೋಡಣೆಯ ಕ್ರಮಗಳೇ ಕಾರಣ.

ಒತ್ತಡದ ಲೆಕ್ಕ

ಹತ್ತು ಮೀಟರ್ ಎತ್ತರದ ನೀರು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ ಒತ್ತಡವನ್ನು ಉಂಟುಮಾಡುತ್ತದೆ. ಎರಡಂತಸ್ತಿನ ಮನೆಯ ಮೇಲ್ತೊಟ್ಟಿಯ ನೀರಿನ ಮಟ್ಟವು ನೆಲಮಹಡಿಯ ನಲ್ಲಿಗಿಂತ ಐದೂವರೆ ಮೀಟರ್ ಮೇಲಿದ್ದರೆ, ಅಲ್ಲಿ ದೊರೆಯುವ ಒತ್ತಡ ಸುಮಾರು ಅರ್ಧ ಕಿಲೋಗ್ರಾಂ ಮಾತ್ರ. ಮೇಲಂತಸ್ತಿನ ಸ್ನಾನದ ಮನೆಯಲ್ಲಿ ಅದು ಕಾಲು ಕಿಲೋಗ್ರಾಮಿಗೆ ಇಳಿಯುತ್ತದೆ.

ಶೋಧಕದ ಪೊಟ್ಟಣಗಳ ಮೇಲೆ, ಒಳಬರುವ ಮತ್ತು ಹೊರಹೋಗುವ ನೀರಿನ ಒತ್ತಡಗಳ ನಡುವಣ ಅಂತರವು 0.7ರಿಂದ 1 ಕಿಲೋಗ್ರಾಂ ತಲುಪಿದಾಗ ಕಾರ್ಟ್ರಿಜ್ ಬದಲಿಸಬೇಕೆಂಬ ಸೂಚನೆ ಇರುವುದುಂಟು. ಪಂಪಿನ ಒತ್ತಡದಿಂದ ನೀರು ಹರಿಯುವ ವ್ಯವಸ್ಥೆಗೆ ಈ ಸೂಚನೆ ಸರಿ. ಮೇಲ್ತೊಟ್ಟಿಯ ವ್ಯವಸ್ಥೆಯಲ್ಲಿ ಒಟ್ಟು ಒತ್ತಡವೇ ಅಷ್ಟಿರುವುದಿಲ್ಲ. ಆದುದರಿಂದ ಕಾರ್ಟ್ರಿಜ್ ಸ್ವಲ್ಪವೇ ಕಟ್ಟಿಕೊಂಡರೂ ಮೇಲಂತಸ್ತಿನ ಷವರ್ ನಿಂತುಹೋಗುತ್ತದೆ. ಇಂತಹ ಮನೆಗಳಿಗೆ ಹರಿವನ್ನು ಕಡಿಮೆ ತಡೆಯುವ, ಹೆಚ್ಚು ಮೇಲ್ಮೈಯುಳ್ಳ ಕಾರ್ಟ್ರಿಜ್ ಅವಶ್ಯಕ.

ದರ್ಜೆಯ ಆಯ್ಕೆ

ಕಾರ್ಟ್ರಿಜ್‌ನ ದರ್ಜೆಯನ್ನು ಮೈಕ್ರಾನ್‌ಗಳಲ್ಲಿ ಹೇಳಲಾಗುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಮರಳಿನ ಕಣಗಳು ಸಾಮಾನ್ಯವಾಗಿ 75 ಮೈಕ್ರಾನಿಗಿಂತ ದೊಡ್ಡವು. ಜೇಡಿಯ ಕಣಗಳು 2 ಮೈಕ್ರಾನಿಗಿಂತ ಚಿಕ್ಕವು. ಇವೆರಡರ ನಡುವಿನದು ನಯವಾದ ಹೂಳು. ದರ್ಜೆಯ ಸಂಖ್ಯೆ ಚಿಕ್ಕದಾದಷ್ಟೂ ನೀರು ಉತ್ತಮವಾಗುತ್ತದೆಂದು ಭಾವಿಸಿ ಹಲವರು 5 ಮೈಕ್ರಾನಿನ ಕಾರ್ಟ್ರಿಜ್ ಕೊಳ್ಳುತ್ತಾರೆ. ನೀರಿನಲ್ಲಿ ಇರುವುದು ಮರಳೇ ಆಗಿದ್ದರೆ ಇದು ಅನಗತ್ಯ. 50 ಮೈಕ್ರಾನಿನ ಕಾರ್ಟ್ರಿಜ್ ಆ ಮರಳನ್ನು ತಡೆಯುತ್ತದೆ, ಹರಿವಿಗೂ ಅಡ್ಡಿಯಾಗುವುದಿಲ್ಲ. ನೀರಿನಲ್ಲಿ ಜೇಡಿ ಇದ್ದರೆ 5 ಮೈಕ್ರಾನಿನ ಕಾರ್ಟ್ರಿಜ್ ಅದರ ಒಂದು ಭಾಗವನ್ನು ಹೊರಮೈಯಲ್ಲಿ ಲೇಪದಂತೆ ಕಟ್ಟಿಕೊಂಡು ಬೇಗ ಮುಚ್ಚಿಹೋಗುತ್ತದೆ. ಉಳಿದ ಭಾಗ ಹಾಗೆಯೇ ಹಾದುಹೋಗುತ್ತದೆ.

ನೀರಿನಲ್ಲಿ ಏನಿದೆ ಎಂಬುದನ್ನು ತಿಳಿಯಲು ಬಣ್ಣವಿಲ್ಲದ ಒಂದು ಬಾಟಲಿ ಸಾಕು. ಶೋಧಕಕ್ಕೆ ಮೊದಲಿನ ಸ್ಥಳದಿಂದ ನೀರು ಹಿಡಿದು ಅಲುಗಾಡಿಸದೆ ಇಡಬೇಕು. ಕೆಲವೇ ನಿಮಿಷಗಳಲ್ಲಿ ತಳಕ್ಕೆ ಇಳಿಯುವುದು ಮರಳು. ರಾತ್ರಿಯಿಡೀ ಇಟ್ಟರೂ ಕದಡಿದಂತೆಯೇ ಉಳಿದರೆ ಅದು ಜೇಡಿ. ಕೊಳವೆ ಬಾವಿಯಿಂದ ಆಗತಾನೆ ಹಿಡಿದಾಗ ತಿಳಿಯಾಗಿದ್ದ ನೀರು, ಕೆಲವು ಗಂಟೆ ಗಾಳಿಗೆ ತೆರೆದಿಟ್ಟ ಮೇಲೆ ಕೆಂಪಗಾದರೆ, ಅದರಲ್ಲಿ ಕರಗಿದ ಕಬ್ಬಿಣದ ಅಂಶವಿದೆ ಎಂದು ತಿಳಿಯಬಹುದು. ಕರಗಿರುವ ಕಬ್ಬಿಣವನ್ನು ಯಾವ ದರ್ಜೆಯ ಹೂಳು ಶೋಧಕವೂ ತೆಗೆಯಲಾರದು; ಅದಕ್ಕೆ ಬೇರೆಯೇ ಸಂಸ್ಕರಣೆ ಬೇಕು.

ಒಂದು ಉದಾಹರಣೆ

ಹೈದರಾಬಾದಿನ ಹೊರವಲಯದಲ್ಲಿ ಮೇಲೆ ಹೇಳಿದ ಅಳತೆಯ ಎರಡಂತಸ್ತಿನ ಒಂದು ಮನೆ ಇದೆಯೆಂದು ಭಾವಿಸಬಹುದು. ಕೊಳವೆ ಬಾವಿಯ ನೀರು ಮೇಲ್ತೊಟ್ಟಿಗೆ ಏರಿ, ಅಲ್ಲಿಂದ 10 ಅಂಗುಲ ಉದ್ದ, ಎರಡೂವರೆ ಅಂಗುಲ ವ್ಯಾಸದ 5 ಮೈಕ್ರಾನ್ ಕಾರ್ಟ್ರಿಜ್ ಮೂಲಕ ಇಳಿಯುತ್ತದೆ. ನೆಲಮಹಡಿಯ ನಲ್ಲಿಯಲ್ಲಿ 15 ಲೀಟರಿನ ಬಕೆಟ್ ತುಂಬಲು, ಬಟ್ಟಲಿನಲ್ಲಿ ಕಾರ್ಟ್ರಿಜ್ ಇಲ್ಲದಿದ್ದಾಗ 70 ಸೆಕೆಂಡು, ಹೊಸ ಕಾರ್ಟ್ರಿಜ್ ಹಾಕಿದಾಗ 110 ಸೆಕೆಂಡು, ಒಂಬತ್ತನೆಯ ದಿನ 240 ಸೆಕೆಂಡು ಹಿಡಿಯುತ್ತದೆ. ಅಂದರೆ ಕಾರ್ಟ್ರಿಜ್ ಹೊಸದಾಗಿದ್ದಾಗಲೇ ಹರಿವಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ನಷ್ಟವಾಗಿದೆ. ಆಯ್ಕೆಯೇ ತಪ್ಪಾಗಿದೆ ಎಂಬುದನ್ನು ಈ ಎರಡನೆಯ ಅಂಕಿ ತೋರಿಸುತ್ತದೆ. ಹೂಳು ಎಷ್ಟು ಬೇಗ ಸೇರುತ್ತಿದೆ ಎಂಬುದನ್ನು ಮೂರನೆಯದು ತೋರಿಸುತ್ತದೆ.

ಬಾಟಲಿಯ ಪರೀಕ್ಷೆಯಲ್ಲಿ ಹೂಳಿನ ಬಹುಭಾಗ ಕೆಲವೇ ನಿಮಿಷಗಳಲ್ಲಿ ತಳಕ್ಕಿಳಿಯಿತು. ಅದು ಮರಳೆಂದು ತಿಳಿಯಿತು. ಮೇಲ್ತೊಟ್ಟಿಯನ್ನು ತೆರೆದು ನೋಡಿದಾಗ ತಳದಲ್ಲಿ ಮರಳು ತುಂಬಿದ್ದು, ನೀರು ಹೊರಹೋಗುವ ಕೊಳವೆ ಅದೇ ಮಟ್ಟದಲ್ಲಿತ್ತು. ಪಂಪು ಚಾಲೂ ಆದಾಗಲೆಲ್ಲ ತಳದ ಮರಳು ಕದಡಿ ನೇರವಾಗಿ ಶೋಧಕಕ್ಕೆ ಹೋಗುತ್ತಿತ್ತು. ಈ ಮನೆಯಲ್ಲಿ ಮೊದಲು ಆಗಬೇಕಾದ ಕೆಲಸ ತೊಟ್ಟಿಯನ್ನು ತೊಳೆದು, ಹೊರಹೋಗುವ ಕೊಳವೆಯ ಬಾಯಿಯನ್ನು ತಳದಿಂದ ಐದು ಸೆಂಟಿಮೀಟರ್ ಎತ್ತರಿಸುವುದು. ಆ ಮೇಲೆ 20 ಅಂಗುಲ ಉದ್ದ, ನಾಲ್ಕೂವರೆ ಅಂಗುಲ ವ್ಯಾಸದ, ಪೇಟೆಯಲ್ಲಿ ಜಂಬೋ ಎಂದು ಕರೆಯುವ ಹೌಸಿಂಗ್‌ನಲ್ಲಿ 50 ಮೈಕ್ರಾನಿನ ಕಾರ್ಟ್ರಿಜ್ ಹಾಕಬೇಕು. ಇದರ ಹೊರಮೈ ಚಿಕ್ಕ ಕಾರ್ಟ್ರಿಜ್‌ನದಕ್ಕಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚು. ಪ್ರತಿ ಚದರ ಅಂಗುಲದ ಮೂಲಕ ಹಾಯುವ ನೀರು ಅಷ್ಟೇ ಪ್ರಮಾಣದಲ್ಲಿ ತಗ್ಗುವುದರಿಂದ ತಡೆಯೂ ತಗ್ಗುತ್ತದೆ, ಬಾಳಿಕೆಯೂ ಹೆಚ್ಚುತ್ತದೆ. ಇಷ್ಟಾದ ಮೇಲೆ ಬಕೆಟ್ 80 ಸೆಕೆಂಡಿನಲ್ಲಿ ತುಂಬಿದರೆ ವ್ಯವಸ್ಥೆ ಸರಿಯಾಗಿದೆ ಎಂದರ್ಥ. 5 ಮೈಕ್ರಾನಿನ ಶೋಧನೆ ಬೇಕಿದ್ದರೆ ಅದನ್ನು ಅಡುಗೆಮನೆಯ ಒಂದು ನಲ್ಲಿಗೆ ಮಾತ್ರ ಸೀಮಿತಗೊಳಿಸುವುದು ಲೇಸು.

ಒತ್ತಡ ಸಾಲದೆಂಬ ಕಾರಣಕ್ಕೆ ಶೋಧಕವನ್ನು ಕೊಳವೆ ಬಾವಿಯ ಪಂಪಿನ ಏರುಕೊಳವೆಗೆ ಜೋಡಿಸುವವರಿದ್ದಾರೆ. ಇದರಲ್ಲಿ ಅಪಾಯವಿದೆ. ಆಳದ ಬಾವಿಯ ಪಂಪು ಹರಿವು ನಿಂತಾಗ ಹತ್ತು ಕಿಲೋಗ್ರಾಮಿಗೂ ಮಿಕ್ಕ ಒತ್ತಡವನ್ನು ಉಂಟುಮಾಡಬಲ್ಲುದು. ಕಾರ್ಟ್ರಿಜ್ ಕಟ್ಟಿಕೊಂಡರೆ ಆ ಒತ್ತಡ ಪ್ಲಾಸ್ಟಿಕ್ ಬಟ್ಟಲಿನ ಮೇಲೆ ಬಿದ್ದು, ಓ-ರಿಂಗ್ ಸೋರುವುದು, ಕೆಲವೊಮ್ಮೆ ಬಟ್ಟಲೇ ಸೀಳುವುದು ಸಂಭವಿಸುತ್ತದೆ.

ಬದಲಾಯಿಸುವ ಕಾಲ

ಇಷ್ಟು ದಿನಕ್ಕೊಮ್ಮೆ ಬದಲಿಸಬೇಕೆಂಬ ಒಂದೇ ನಿಯಮ ಎಲ್ಲ ಮನೆಗಳಿಗೂ ಹೊಂದುವುದಿಲ್ಲ. ಹೊಸ ಕಾರ್ಟ್ರಿಜ್ ಹಾಕಿದ ದಿನ ಬಕೆಟ್ ತುಂಬುವ ಸಮಯವನ್ನು ಗುರುತು ಹಾಕಿಕೊಂಡು, ವಾರಕ್ಕೊಮ್ಮೆ ಅದೇ ನಲ್ಲಿಯಲ್ಲಿ, ತೊಟ್ಟಿ ತುಂಬಿರುವಾಗ, ಮನೆಯ ಬೇರೆ ನಲ್ಲಿಗಳನ್ನು ಮುಚ್ಚಿ ಅಳೆಯಬೇಕು. ಸಮಯವು ಮೊದಲಿನ ಒಂದೂವರೆ ಪಟ್ಟು ಆದಾಗ, ಅಂದರೆ ಮೇಲಿನ ಮನೆಯಲ್ಲಿ 80 ಸೆಕೆಂಡು 120 ಆದಾಗ, ಬದಲಾಯಿಸುವುದು ಸೂಕ್ತ. ಇಂತಹ ಎರಡು ಮೂರು ಅವಧಿಗಳ ಲೆಕ್ಕ ಸಿಕ್ಕಿದರೆ ಆ ಮನೆಯ ವೇಳಾಪಟ್ಟಿ ತಾನಾಗಿಯೇ ದೊರೆಯುತ್ತದೆ. ಮಳೆಗಾಲದಲ್ಲಿ, ಟ್ಯಾಂಕರ್ ನೀರು ತರಿಸಿದಾಗ ಅವಧಿ ಕಡಿಮೆಯಾಗಬಹುದು. ಹರಿವು ಚೆನ್ನಾಗಿಯೇ ಇದ್ದರೂ ಒಂದು ಕಾರ್ಟ್ರಿಜ್ ಅನ್ನು ಆರು ತಿಂಗಳಿಗಿಂತ ಹೆಚ್ಚು ಕಾಲ ಇಡಬಾರದು. ಅದರಲ್ಲಿ ಲೋಳೆ ಬೆಳೆಯುತ್ತದೆ.

ನೂಲಿನಂತೆ ಒತ್ತಾಗಿ ಹೆಣೆದ ಬಿಳಿಯ ಕಾರ್ಟ್ರಿಜ್‌ಗಳನ್ನು ತೊಳೆದು ಮತ್ತೆ ಬಳಸುವುದರಿಂದ ಪ್ರಯೋಜನವಿಲ್ಲ. ಹೊರಮೈ ಬೆಳ್ಳಗಾದರೂ ಒಳಪದರಗಳಲ್ಲಿನ ಹೂಳು ಹೋಗುವುದಿಲ್ಲ. ಮರಳೇ ಹೆಚ್ಚಾಗಿರುವ ಕಡೆ ತೊಳೆಯಬಹುದಾದ ನೆರಿಗೆಯ ಕಾರ್ಟ್ರಿಜ್ ಬಳಸಬಹುದು.

ಓ-ರಿಂಗ್ ಸೋರದಂತೆ

ಕಾರ್ಟ್ರಿಜ್ ಬದಲಿಸುವಾಗ ಮೊದಲು ಶೋಧಕದ ಎರಡೂ ಬದಿಯ ವಾಲ್ವ್‌ಗಳನ್ನು ಮುಚ್ಚಿ, ಮುಚ್ಚಳದ ಮೇಲಿನ ಕೆಂಪು ಗುಂಡಿಯನ್ನು ಒತ್ತಿ ಒಳಗಿನ ಒತ್ತಡವನ್ನು ಇಳಿಸಬೇಕು. ಅನಂತರ ಬಟ್ಟಲನ್ನು ಅದರ ಸ್ಪ್ಯಾನರಿನಿಂದ ಸಡಿಲಿಸಿ ಇಳಿಸಬೇಕು. ಓ-ರಿಂಗನ್ನು ಬೆರಳಿನಿಂದಲೇ ತೆಗೆಯಬೇಕು. ಚಾಕು, ಸೂಜಿಗಳನ್ನು ಬಳಸಿದರೆ ಅದರ ಮೇಲೆ ಗೀರು ಬೀಳುತ್ತದೆ. ಅದು ಕೂರುವ ಗಾಡಿಯನ್ನೂ ಮುಚ್ಚಳದಲ್ಲಿ ಅದು ಒತ್ತುವ ಭಾಗವನ್ನೂ ಒದ್ದೆ ಬಟ್ಟೆಯಿಂದ ಒರೆಸಬೇಕು. ಒಂದೇ ಮರಳಿನ ಕಣ ಉಳಿದರೂ ಅಲ್ಲಿ ಸೋರಿಕೆ ಆರಂಭವಾಗುತ್ತದೆ. ಚಪ್ಪಟೆಯಾದ, ಸೀಳಿದ ಅಥವಾ ಉಬ್ಬಿ ಗಾಡಿಯಲ್ಲಿ ಕೂರದ ಓ-ರಿಂಗನ್ನು ಬದಲಾಯಿಸಬೇಕು. ಸುಸ್ಥಿತಿಯಲ್ಲಿರುವ ಓ-ರಿಂಗಿಗೆ ಕುಡಿಯುವ ನೀರಿನ ಸಾಧನಗಳಿಗೆ ಯೋಗ್ಯವಾದ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಬೇಕು. ಪೆಟ್ರೋಲಿಯಂ ಜೆಲ್ಲಿಯಿಂದ ಕೆಲವು ಬಗೆಯ ರಬ್ಬರ್ ಉಬ್ಬುತ್ತದೆ. ಅಡುಗೆ ಎಣ್ಣೆ ಕಾಲಕ್ರಮದಲ್ಲಿ ಅಂಟಾಗುತ್ತದೆ.

ಹೊಸ ಕಾರ್ಟ್ರಿಜ್ ಬಟ್ಟಲಿನ ತಳದ ಮೂತಿಯ ಮೇಲೆ ನೆಟ್ಟಗೆ ನಿಲ್ಲಬೇಕು. ಓರೆಯಾಗಿ ಕೂತರೆ ನೀರು ಅದನ್ನು ಬಳಸಿಕೊಂಡು ಹರಿದುಹೋಗುತ್ತದೆ. ಹಲವು ವಾರಗಳಾದರೂ ಕಾರ್ಟ್ರಿಜ್ ಬೆಳ್ಳಗಿದ್ದು ನಲ್ಲಿಯಲ್ಲಿ ಹೂಳು ಬರುತ್ತಿದ್ದರೆ ಇದೇ ಕಾರಣವೆಂದು ಊಹಿಸಬಹುದು. ಬಟ್ಟಲನ್ನು ಕೈಯಿಂದ ಪೂರ್ಣ ಬಿಗಿದು, ಅಗತ್ಯವಿದ್ದರೆ ಸ್ಪ್ಯಾನರಿನಿಂದ ಕಾಲು ಸುತ್ತು ಮಾತ್ರ ತಿರುಗಿಸಬೇಕು. ಬಳಿಕ ಕೆಂಪು ಗುಂಡಿಯನ್ನು ಒತ್ತಿಹಿಡಿದು ಒಳಬರುವ ವಾಲ್ವನ್ನು ನಿಧಾನವಾಗಿ ತೆರೆದು, ಗಾಳಿ ಹೊರಟು ನೀರು ಬರಲಾರಂಭಿಸಿದಾಗ ಗುಂಡಿಯನ್ನು ಬಿಡಬೇಕು. ಕೊನೆಗೆ ಹೊರಹೋಗುವ ವಾಲ್ವ್ ತೆರೆದು, ಒಂದು ನಲ್ಲಿಯಿಂದ ಕೆಲವು ನಿಮಿಷ ನೀರನ್ನು ಹರಿಯಬಿಡಬೇಕು.

ಆಗಲೂ ಸೋರಿದರೆ ಇನ್ನಷ್ಟು ಬಿಗಿಯುವುದು ಪರಿಹಾರವಲ್ಲ. ಅತಿಯಾಗಿ ಬಿಗಿದಾಗ ಓ-ರಿಂಗ್ ಗಾಡಿಯಿಂದ ಜಾರುತ್ತದೆ, ಬಟ್ಟಲಿನ ಕೊರಳಿನಲ್ಲಿ ಬಿರುಕು ಬಿಡುತ್ತದೆ. ಮೊದಲು ಹೊರಮೈಯನ್ನು ಒಣಬಟ್ಟೆಯಿಂದ ಒರೆಸಿ, ಕಾಗದದ ಚೂರನ್ನು ಒಂದೊಂದೇ ಸ್ಥಳಕ್ಕೆ ಒತ್ತಿ ನೀರು ಎಲ್ಲಿ ಹುಟ್ಟುತ್ತಿದೆ ಎಂಬುದನ್ನು ಗುರುತಿಸಬೇಕು. ಕೊರಳಿನ ಸುತ್ತ ಒದ್ದೆಯಾದರೆ ಓ-ರಿಂಗ್, ಗುಂಡಿಯ ಬಳಿಯಾದರೆ ಅದರೊಳಗಿನ ಚಿಕ್ಕ ರಿಂಗ್, ಕೊಳವೆ ಸೇರುವಲ್ಲಿಯಾದರೆ ಆ ತಿರುಪಿನ ಟೆಫ್ಲಾನ್ ಟೇಪು ಕಾರಣ. ಬಟ್ಟಲಿನ ತಿರುಪಿಗೆ ಮಾತ್ರ ಟೇಪು ಸುತ್ತಬಾರದು. ಅಲ್ಲಿ ನೀರನ್ನು ತಡೆಯುವುದು ತಿರುಪಲ್ಲ, ಓ-ರಿಂಗ್. ಬಟ್ಟಲಿನ ಮೈಯಲ್ಲೇ ಕೂದಲೆಳೆಯಷ್ಟು ಬಿರುಕು ಕಂಡರೂ ಅಂಟು ಹಚ್ಚದೆ ಬಟ್ಟಲನ್ನು ಬದಲಾಯಿಸಬೇಕು.

ಹೂಳು ಶೋಧಕವು ಹೂಳನ್ನಷ್ಟೇ ತಡೆಯುತ್ತದೆ. ರೋಗಾಣುಗಳು ಈ ದರ್ಜೆಗಳ ಕಾರ್ಟ್ರಿಜ್‌ಗಳನ್ನು ದಾಟಿ ಬರುತ್ತವೆ. ನೀರಿನ ಗಡಸುತನವೂ ಕಡಿಮೆಯಾಗುವುದಿಲ್ಲ. ಆದ್ದರಿಂದ ಶೋಧಕದಿಂದ ತಿಳಿಯಾಗಿ ಬಂದ ನೀರನ್ನು ಕುಡಿಯುವ ಮೊದಲು ಕುದಿಸುವುದು ಅಥವಾ ಬೇರೆ ವಿಧಾನದಿಂದ ರೋಗಾಣುರಹಿತಗೊಳಿಸುವುದು ಅಗತ್ಯ.