ಎರಡನೇ ಗೇಟಿಗೆ ಬನ್ನಿ, ಹತ್ತೂವರೆಗೆ ಸಾಕು

2025ರ ಅಕ್ಟೋಬರ್ 1, ಬುಧವಾರ. ಆಫರ್ ಲೆಟರಿನಲ್ಲಿ ಕೆಲಸಕ್ಕೆ ಸೇರುವ ದಿನ ಎಂದು ಅಚ್ಚಾಗಿದ್ದದ್ದು ಇದೇ ತಾರೀಖು. ತಿಂಗಳ ಮೊದಲ ದಿನವಾದರೆ ಸಂಬಳದ ಲೆಕ್ಕಕ್ಕೆ ಸುಲಭ ಎಂದು ಗುರುಗ್ರಾಮದಲ್ಲಿ ಕೂತ ಎಚ್‌ಆರ್ ವಿಭಾಗ ಹಾಗೆ ಹಾಕಿತ್ತು. ಬೆಂಗಳೂರಿನಲ್ಲಿ ಅವತ್ತು ಆಯುಧಪೂಜೆ. ಮರುದಿನ ವಿಜಯದಶಮಿ, ಗಾಂಧಿ ಜಯಂತಿ. ಹೊಸಬರು ಕಾಗದಪತ್ರ ಹಿಡಿದು ಬಂದಿದ್ದರೆ ಅವರಿಗೆ ಸಿಗುತ್ತಿದ್ದದ್ದು ಬಾಳೆಕಂದು ಕಟ್ಟಿದ ಗೇಟು ಮತ್ತು ಒಡೆದ ಬೂದುಗುಂಬಳಕಾಯಿ, ಅಷ್ಟೆ.

ಪ್ರಸಂಗ ಊಹಿಸಿಕೊಂಡದ್ದು, ತಾರೀಖು ಮತ್ತು ಹಬ್ಬ ಮಾತ್ರ ನಿಜ. ದಾವಣಗೆರೆಯ ಯುವತಿಯೊಬ್ಬಳು ಏಳು ವರ್ಷ ದುಡಿದ ಕಂಪನಿ ಬಿಟ್ಟು, ವೈಟ್‌ಫೀಲ್ಡಿನ ಐಟಿಪಿಎಲ್ ಹತ್ತಿರದ ಇನ್ನೊಂದು ಕಂಪನಿಗೆ ಸೇರುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ಹಳೇ ಕಡೆ ಕೊನೆಯ ದಿನ ಸೆಪ್ಟೆಂಬರ್ 30. ಎಚ್‌ಆರ್‌ನಿಂದ ಉದ್ದನೆಯ ಮೇಲ್ ಬಂದಿದೆ, ಪೋರ್ಟಲ್ ಲಿಂಕಿದೆ, ದಾಖಲೆಗಳ ಪಟ್ಟಿಯಿದೆ. ಯಾವ ಗೇಟಿಗೆ ಹೋಗಬೇಕು, ಯಾರನ್ನು ಕೇಳಬೇಕು ಎಂಬುದು ಮಾತ್ರ ಅದರಲ್ಲಿಲ್ಲ. ಆ ಮೇಲ್ ಎಲ್ಲ ಊರಿನ ಎಲ್ಲ ಹೊಸಬರಿಗೂ ಒಂದೇ ಅಚ್ಚಿನಲ್ಲಿ ಹೋಗುವಂಥದ್ದು. ಅದು ಬಿಟ್ಟ ಜಾಗವನ್ನು ತುಂಬಬೇಕಾದವರು ಅವಳನ್ನು ಸಂದರ್ಶನ ಮಾಡಿ ಆರಿಸಿದ ಮ್ಯಾನೇಜರ್. ಕ್ಯಾಲೆಂಡರ್ ನೋಡಿ ಅವರು ಸೇರುವ ದಿನವನ್ನು ಅಕ್ಟೋಬರ್ 6ರ ಸೋಮವಾರಕ್ಕೆ ಬದಲಿಸಿಕೊಂಡರು, ತಿದ್ದಿದ ಪತ್ರವನ್ನು ಎಚ್‌ಆರ್‌ನಿಂದಲೇ ಕಳಿಸಿದರು. ಆಮೇಲೆ ಸೇರುವ ದಿನಕ್ಕೆ ಒಂದು ವಾರ ಮುಂಚೆ ತಾವೇ ಬರೆದರು:

“ನಮಸ್ಕಾರ. ಸೋಮವಾರ, ಅಕ್ಟೋಬರ್ 6ಕ್ಕೆ ನಿಮಗಾಗಿ ಕಾಯುತ್ತಿರುತ್ತೇವೆ. ಹತ್ತೂವರೆಗೆ ಬಂದರೆ ಸಾಕು. ಒಂಬತ್ತಕ್ಕೆ ಬಂದರೆ ರಿಸೆಪ್ಷನ್ನಿನಲ್ಲಿ ಸುಮ್ಮನೆ ಕೂರಬೇಕಾಗುತ್ತದೆ. ಮೆಜೆಸ್ಟಿಕ್‌ನಿಂದ ನೇರಳೆ ಮಾರ್ಗದ ಮೆಟ್ರೊ ಹತ್ತಿ ಪಟ್ಟಂದೂರು ಅಗ್ರಹಾರದಲ್ಲಿ ಇಳಿಯಿರಿ, ನಡುವೆ ಬದಲಿಸುವುದಿಲ್ಲ. ಕ್ಯಾಬಿನಲ್ಲಿ ಬಂದರೆ ಮ್ಯಾಪ್ ಒಂದನೇ ಗೇಟಿಗೆ ಕರೆದೊಯ್ಯುತ್ತದೆ. ನೀವು ಬರಬೇಕಾದ್ದು ಎರಡನೇ ಗೇಟಿಗೆ. ಸೆಕ್ಯುರಿಟಿ ಪಟ್ಟಿಯಲ್ಲಿ ನಿಮ್ಮ ಹೆಸರು ಹಾಕಿಸಿದ್ದೇನೆ. ಫೋಟೊ ಇರುವ ಒಂದು ಗುರುತಿನ ಚೀಟಿಯ ಅಸಲು ತನ್ನಿ. ದಾಖಲೆಗಳನ್ನು ಎಚ್‌ಆರ್ ಪೋರ್ಟಲಿಗೆ ಮಾತ್ರ ಹಾಕಿ, ನನಗೆ ವಾಟ್ಸ್ಆ್ಯಪ್ ಮಾಡಬೇಡಿ. ಲ್ಯಾಪ್‌ಟಾಪ್ ಅವತ್ತೇ ಸಿಗುತ್ತದೆ, ಎಲ್ಲ ಲಾಗಿನ್ ಸಿಗಲು ಇನ್ನೆರಡು ದಿನ ಬೇಕಾಗಬಹುದು. ಮಧ್ಯಾಹ್ನದ ಊಟ ನಮ್ಮ ಟೀಮಿನ ಜೊತೆ. ಸಂಜೆ ನಾಲ್ಕಕ್ಕೆ ಮನೆಗೆ ಹೊರಡಬಹುದು.”

ಇಷ್ಟೇ. ಕಂಪನಿಯ ದೂರದೃಷ್ಟಿ, ಮೌಲ್ಯಗಳು, ‘ನಮ್ಮ ಕುಟುಂಬಕ್ಕೆ ಸ್ವಾಗತ’ ಯಾವುದೂ ಇಲ್ಲ. ಇಲ್ಲದ್ದೇ ಒಳ್ಳೆಯದು ಎನ್ನಬೇಕು.

ಗೇಟಿನ ಸಾಲು ಚಿಲ್ಲರೆ ವಿಷಯದಂತೆ ಕಾಣುತ್ತದೆ. ಆದರೆ ಬೆಂಗಳೂರಿನ ದೊಡ್ಡ ಟೆಕ್ ಪಾರ್ಕುಗಳೆಂದರೆ ಒಂದೊಂದೂ ಸಣ್ಣ ಊರು. ತಪ್ಪು ಗೇಟಿನಲ್ಲಿ ಇಳಿದವರು ಸರಿಯಾದ ಬ್ಲಾಕ್ ಹುಡುಕಿಕೊಂಡು ಬಿಸಿಲಲ್ಲಿ ಅರ್ಧ ಗಂಟೆ ನಡೆಯುವುದು ಅಪರೂಪವೇನಲ್ಲ. ಪಾರ್ಕಿನ ಕಾವಲುಗಾರರು ಕಂಪನಿಯವರಲ್ಲ. ಅವರಿಗೆ ಆಫರ್ ಲೆಟರಿಗಿಂತ ತಮ್ಮ ಪಟ್ಟಿಯಲ್ಲಿರುವ ಹೆಸರು ಮುಖ್ಯ. ಆ ಹೆಸರು ಸೇರಿಸಲು ಒಳಗಿನವರೊಬ್ಬರು ಮುಂಚೆಯೇ ಕೋರಿಕೆ ಹಾಕಿರಬೇಕು. ಮ್ಯಾನೇಜರ್ ಮರೆತರೆ, ಹೊಸಬರ ಮೊದಲ ಮುಕ್ಕಾಲು ಗಂಟೆ ಫೋನಿನಲ್ಲೇ ಕಳೆಯುತ್ತದೆ.

ಲಾಗಿನ್ ಬಗ್ಗೆ ಹೇಳಿದ ಮಾತೂ ಹೀಗೆ ಅನುಭವದ್ದೇ. ಸಾಮಾನ್ಯವಾಗಿ ನೌಕರರ ಸಂಖ್ಯೆ ಹುಟ್ಟುವುದು ಸೇರಿದ ಮೇಲೆ. ಅದು ಬಂದ ಮೇಲೆಯೇ ಮೇಲ್, ಆಮೇಲೆ ಉಳಿದ ಸಾಫ್ಟ್‌ವೇರುಗಳ ಅನುಮತಿ. ಮುಂಚೆಯೇ ತಿಳಿದಿದ್ದರೆ ಖಾಲಿ ಪರದೆ ನೋಡುತ್ತ ಕೂತವರಿಗೆ ‘ನನ್ನಿಂದಲೇ ಏನೋ ತಪ್ಪಾಯಿತು’ ಎನಿಸುವುದಿಲ್ಲ.

ದಿನಾಂಕ ಮುಂದಕ್ಕೆ ಹೋದದ್ದರಿಂದ ಇನ್ನೊಂದು ತೊಡಕು ಹುಟ್ಟಿತು. ಹಳೇ ಕಂಪನಿಯ ಗುಂಪು ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೆ ಮುಗಿಯುತ್ತದೆ. ಹೊಸದು ಶುರುವಾಗುವುದು ಸೇರಿದ ದಿನದಿಂದ. ಅಂದರೆ ಅಕ್ಟೋಬರ್ 1ರಿಂದ 5ರವರೆಗೆ ಅವಳಿಗೂ ಇಲ್ಲ, ಅವಳ ವಿಮೆಯನ್ನೇ ನೆಚ್ಚಿಕೊಂಡ ಅಪ್ಪ ಅಮ್ಮನಿಗೂ ಇಲ್ಲ. ಅಪ್ಪನ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆ ವಾರಕ್ಕೇ ನಿಗದಿಯಾಗಿದ್ದರೆ? ದಿನಾಂಕ ಬದಲಿಸುವಾಗಲೇ ಮ್ಯಾನೇಜರ್ ಫೋನ್ ಮಾಡಿ ಇದನ್ನು ಕೇಳಿದರೆ ಚಿಕಿತ್ಸೆಯನ್ನು ಹಿಂದೆ ಮುಂದೆ ಮಾಡಿಕೊಳ್ಳಬಹುದು. ಸೇರಿದ ಮೇಲೂ ತಂದೆತಾಯಿಯ ಹೆಸರು ಸೇರಿಸಲು ಕೊಡುವ ಗಡುವು ಚಿಕ್ಕದು. ಅದು ದಾಟಿದರೆ ಎಷ್ಟೋ ಕಡೆ ಪಾಲಿಸಿ ನವೀಕರಣದವರೆಗೆ ಕಾಯಬೇಕು.

ಹಣದ ಮಾತು ಇನ್ನೊಂದಿದೆ. ಎಚ್‌ಆರ್ ಪಟ್ಟಿಯ ಕೊನೆಯಲ್ಲಿ ‘ಹಿಂದಿನ ಉದ್ಯೋಗದ ಆದಾಯದ ವಿವರ’ ಎಂಬ ಫಾರಂ ಇರುತ್ತದೆ. ಬಹಳ ಜನ ಅದನ್ನು ಖಾಲಿ ಬಿಡುತ್ತಾರೆ. ಲೆಕ್ಕ ಹಾಕಿ ನೋಡೋಣ. ಅವಳ ಸಂಬಳ ಎರಡೂ ಕಡೆ ತಿಂಗಳಿಗೆ 1.5 ಲಕ್ಷ, ಎರಡೂ ಕಡೆ ಆರಾರು ತಿಂಗಳು ಎಂದುಕೊಳ್ಳಿ. ವರ್ಷಕ್ಕೆ 18 ಲಕ್ಷ. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ, ಸೆಸ್ ಸೇರಿ ತೆರಿಗೆ 1,50,800 ರೂಪಾಯಿ. ಹಳೇ ಕಂಪನಿ ಅರ್ಧ ವರ್ಷಕ್ಕೆ ಅದರ ಅರ್ಧ, 75,400 ಮುರಿದುಕೊಂಡಿದೆ. ಹೊಸ ಕಂಪನಿಯ ಕಣ್ಣಿಗೆ ಬೀಳುವುದು ತಾನು ಕೊಡುವ 9 ಲಕ್ಷ ಮಾತ್ರ. ತೆರಿಗೆಗೆ ಒಳಪಡುವ ಆದಾಯ 12 ಲಕ್ಷ ದಾಟದಿದ್ದರೆ ರಿಯಾಯಿತಿಯಿಂದ ತೆರಿಗೆ ಸೊನ್ನೆಯಾಗುವುದರಿಂದ, ಅದು ಒಂದು ರೂಪಾಯಿಯನ್ನೂ ಹಿಡಿಯುವುದಿಲ್ಲ. ಆರು ತಿಂಗಳು ಕೈಗೆ ಹೆಚ್ಚು ಸಂಬಳ ಬಂತೆಂದು ಖುಷಿಪಟ್ಟವಳಿಗೆ ರಿಟರ್ನ್ ಸಲ್ಲಿಸುವಾಗ ಉಳಿದ 75,400, ಮೇಲೆ ಬಡ್ಡಿ. ಮ್ಯಾನೇಜರ್ ತೆರಿಗೆ ಸಲಹೆಗಾರರಲ್ಲ, ಆಗಬೇಕಾಗಿಯೂ ಇಲ್ಲ. ‘ಆ ಫಾರಂ ಖಾಲಿ ಬಿಡಬೇಡಿ’ ಎಂಬ ಒಂದು ಸಾಲು ಸಾಕಿತ್ತು. ಮೇಲಿನ ಸಂದೇಶದಲ್ಲಿ ಅದು ಬಿಟ್ಟುಹೋಗಿದೆ!

ದಾಖಲೆಯನ್ನು ವಾಟ್ಸ್ಆ್ಯಪ್ ಮಾಡಬೇಡಿ ಎಂದದ್ದು ಯಾಕೆ? ಹೊಸಬರಿಗೆ ಇನ್ನೂ ಕಂಪನಿಯ ಮೇಲ್ ವಿಳಾಸ ಇರುವುದಿಲ್ಲ, ಆದ್ದರಿಂದ ಎಲ್ಲವೂ ಅವರ ಸ್ವಂತ ಮೇಲ್ ಮತ್ತು ಫೋನಿಗೇ ಬರಬೇಕು. ವಂಚಕರು ನುಗ್ಗುವುದೂ ಅದೇ ಸಂದಿಯಲ್ಲಿ. ಥೇಟ್ ಇಂಥದ್ದೇ ಸ್ವಾಗತ ಸಂದೇಶ ಕಳಿಸಿ, ಲ್ಯಾಪ್‌ಟಾಪಿಗೆ ಠೇವಣಿ ಎಂದೋ ದಾಖಲೆ ಪರಿಶೀಲನೆಗೆ ಶುಲ್ಕ ಎಂದೋ ಹಣ ಕೇಳುತ್ತಾರೆ; ಆಧಾರ್, ಪ್ಯಾನ್ ಪ್ರತಿಗಳನ್ನೂ ಕೇಳುತ್ತಾರೆ. ಅದಕ್ಕೇ ಬರೆಯುವವರು ಕಂಪನಿಯ ಮೇಲ್‌ನಿಂದಲೇ ಬರೆಯಬೇಕು, ಸಂದರ್ಶನದಲ್ಲಿ ಮಾತಾಡಿದ ಸಂಗತಿಯೊಂದನ್ನು ನೆನಪಿಸಿದರೆ ಇನ್ನೂ ವಾಸಿ. ಓದುವವರಿಗೆ ಅನುಮಾನ ಬಂದರೆ ಸಂದೇಶದಲ್ಲಿರುವ ನಂಬರಿಗೆ ಫೋನ್ ಮಾಡಬಾರದು, ಕಂಪನಿಯ ಜಾಲತಾಣದಲ್ಲಿರುವ ನಂಬರಿಗೆ ಮಾಡಬೇಕು.

ನಮ್ಮ ಯುವತಿ ಸಂದೇಶವನ್ನು ಎರಡು ಸಲ ಓದಿದಳು. ಮೆಟ್ರೊ ದಾರಿ ಗುರುತು ಹಾಕಿಕೊಂಡಳು, ಆಧಾರ್ ಕಾರ್ಡನ್ನು ಬ್ಯಾಗಿಗೆ ಹಾಕಿದಳು. ಆಮೇಲೆ ಮ್ಯಾನೇಜರಿಗೆ ಹೊಳೆದೇ ಇರದ ಪ್ರಶ್ನೆ ಕಳಿಸಿದಳು: “ಥ್ಯಾಂಕ್ಸ್ ಸರ್. ಫಾರ್ಮಲ್ಸೇ ಹಾಕ್ಕೊಂಡು ಬರಬೇಕಾ?”

“ಬೇಡ,” ಎಂದು ಎರಡೇ ನಿಮಿಷದಲ್ಲಿ ಉತ್ತರ ಬಂತು. “ನಾನೇ ಚಪ್ಪಲಿಯಲ್ಲಿ ಬರ್ತೀನಿ.”