ಮೇಲಿನ ತಟ್ಟೆ, ಮುಂದಿನ ಪ್ರಯಾಣಿಕ

ಊಟದ ಹೊತ್ತಿಗೆ ಯಾವುದೇ ದರ್ಶಿನಿಯ ಕೌಂಟರಿನ ಹಿಂದೆ ಇಣುಕಿದರೆ ಸ್ಟೀಲ್ ತಟ್ಟೆಗಳ ಎತ್ತರದ ಅಟ್ಟಿ ಕಾಣುತ್ತದೆ. ತೊಳೆದು ತಂದವನು ತಟ್ಟೆಗಳನ್ನು ಮೇಲೆ ಪೇರಿಸುತ್ತಾನೆ, ಬಡಿಸುವವನು ಮೇಲಿನಿಂದಲೇ ಎತ್ತಿಕೊಳ್ಳುತ್ತಾನೆ. ಈಗಷ್ಟೇ ಬಂದ, ಇನ್ನೂ ನೀರು ಆರದ ತಟ್ಟೆಯೇ ಮೊದಲು ಹೊರಡುತ್ತದೆ. ತಳದ ತಟ್ಟೆಗೆ ಕೆಲಸ ಸಿಗಬೇಕಾದರೆ ಅಟ್ಟಿ ಪೂರ್ತಿ ಕರಗಬೇಕು. ಗಿರಾಕಿಗಳು ಬಂದಷ್ಟೇ ವೇಗವಾಗಿ ತೊಳೆದ ತಟ್ಟೆಗಳೂ ಬರುತ್ತಿದ್ದರೆ ಆ ಸರದಿ ಬರುವುದೇ ಇಲ್ಲ.

ಬಸ್ ನಿಲ್ದಾಣದ ಟಿಕೆಟ್ ಕೌಂಟರಿನ ಮುಂದೆ ನಿಯಮ ತಿರುಗುಮುರುಗು. ಬಂದವರು ಸಾಲಿನ ಕೊನೆಗೆ ಸೇರುತ್ತಾರೆ, ಟಿಕೆಟ್ ಸಿಗುವುದು ಸಾಲಿನ ತುದಿಯಲ್ಲಿ ನಿಂತವರಿಗೆ. ಮೊದಲು ಬಂದವರು ಮೊದಲು ಹೊರಡುತ್ತಾರೆ. (ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ನಮ್ಮ ಪದ್ಧತಿ ಈ ಎರಡರಲ್ಲಿ ಯಾವುದಕ್ಕೂ ಸೇರದು. ಅದನ್ನು ಇಲ್ಲಿಗೆ ಬಿಡೋಣ.)

ಕಂಪ್ಯೂಟರ್ ವಿಜ್ಞಾನದಲ್ಲಿ ತಟ್ಟೆಯ ಅಟ್ಟಿಗೆ ಸ್ಟ್ಯಾಕ್ ಎಂದೂ ಟಿಕೆಟ್ ಸಾಲಿಗೆ ಕ್ಯೂ ಎಂದೂ ಹೆಸರು. ಎರಡೂ ಮಾಡುವುದು ಒಂದೇ ಕೆಲಸ: ಈಗಲೇ ಮುಗಿಸಲಾಗದ್ದನ್ನು ಆಮೇಲೆ ನೋಡಲು ಎತ್ತಿಡುವುದು. ವ್ಯತ್ಯಾಸ ಇರುವುದು ಎತ್ತಿಟ್ಟದ್ದರಲ್ಲಿ ಮೊದಲು ಯಾವುದನ್ನು ಹೊರತೆಗೆಯಬೇಕು ಎನ್ನುವುದರಲ್ಲಿ ಮಾತ್ರ. ಇಷ್ಟು ಸಣ್ಣ ವ್ಯತ್ಯಾಸ ಒಂದು ಪ್ರೋಗ್ರಾಮಿನ ಉತ್ತರವನ್ನೇ ಬದಲಿಸಬಲ್ಲದು ಎಂಬುದನ್ನು ಹಾಸನದಿಂದ ಚಿಕ್ಕಮಗಳೂರಿಗೆ ಬಸ್ ಹುಡುಕಿ ನೋಡಬಹುದು.

ನೇರ ಬಸ್ಸುಗಳಿಲ್ಲ, ಒಂದೂರಿನಿಂದ ಪಕ್ಕದ ದೊಡ್ಡ ಊರಿಗೆ ಮಾತ್ರ ಬಸ್ಸಿದೆ ಎಂದುಕೊಳ್ಳೋಣ. ಹಾಸನದಿಂದ ಬೇಲೂರು, ಅರಸೀಕೆರೆ, ಸಕಲೇಶಪುರಕ್ಕೆ ಬಸ್ಸುಂಟು. ಬೇಲೂರಿನಿಂದ ಚಿಕ್ಕಮಗಳೂರಿಗೆ ಹೋಗಬಹುದು. ಅರಸೀಕೆರೆಯಿಂದ ಕಡೂರಿಗೆ, ಕಡೂರಿನಿಂದ ಚಿಕ್ಕಮಗಳೂರಿಗೆ ದಾರಿಯಿದೆ. ಸಕಲೇಶಪುರದ ಕಡೆಯಿಂದ ಹೋದರೆ ಮೂಡಿಗೆರೆಯಲ್ಲಿ ಬಸ್ ಬದಲಿಸಬೇಕು. ಪ್ರೋಗ್ರಾಮಿಗೆ ಭೂಪಟ ಕಾಣುವುದಿಲ್ಲ. ಅದಕ್ಕೆ ಗೊತ್ತಿರುವುದು ಇಷ್ಟೇ: ಎತ್ತಿಟ್ಟ ಊರುಗಳಲ್ಲಿ ಒಂದನ್ನು ಹೊರತೆಗೆ, ಅದು ಚಿಕ್ಕಮಗಳೂರಾದರೆ ನಿಲ್ಲು, ಅಲ್ಲವಾದರೆ ಅಲ್ಲಿಂದ ಬಸ್ಸಿರುವ ಹೊಸ ಊರುಗಳನ್ನು ಸೇರಿಸು.

ಮೊದಲು ಕ್ಯೂ. ಹಾಸನ ಹೊರಬಂದು ಬೇಲೂರು, ಅರಸೀಕೆರೆ, ಸಕಲೇಶಪುರ ಅದೇ ಕ್ರಮದಲ್ಲಿ ಸಾಲಿಗೆ ನಿಲ್ಲುತ್ತವೆ. ಬೇಲೂರು ಹೊರಬರುತ್ತದೆ, ಚಿಕ್ಕಮಗಳೂರು ಸಾಲಿನ ಕೊನೆಗೆ ಸೇರುತ್ತದೆ. ಆದರೆ ಅದರ ಸರದಿ ಇನ್ನೂ ಬಂದಿಲ್ಲ. ಅರಸೀಕೆರೆ ಹೊರಬಂದು ಕಡೂರನ್ನು, ಸಕಲೇಶಪುರ ಹೊರಬಂದು ಮೂಡಿಗೆರೆಯನ್ನು ಸೇರಿಸಿದ ಮೇಲೆ ಚಿಕ್ಕಮಗಳೂರು ಸಾಲಿನ ತುದಿಗೆ ಬರುತ್ತದೆ. ಉತ್ತರ: ಬೇಲೂರಿನ ಮೇಲೆ ಎರಡು ಬಸ್.

ಈಗ ಸ್ಟ್ಯಾಕ್. ಅದೇ ಮೂರು ಊರುಗಳು ಅದೇ ಕ್ರಮದಲ್ಲಿ ಒಂದರ ಮೇಲೊಂದು ಕೂರುತ್ತವೆ. ಮೇಲಿರುವುದು ಕೊನೆಗೆ ಬಂದ ಸಕಲೇಶಪುರ. ಅದನ್ನು ತೆಗೆದರೆ ಮೂಡಿಗೆರೆ ಮೇಲೆ ಬಂದು ಕೂರುತ್ತದೆ. ಮೂಡಿಗೆರೆಯನ್ನು ತೆಗೆದರೆ ಚಿಕ್ಕಮಗಳೂರು. ಅದನ್ನೂ ತೆಗೆದರೆ ಕೆಲಸ ಮುಗಿಯಿತು, ಉತ್ತರ ಮೂರು ಬಸ್. ಅತ್ತ ಬೇಲೂರು ದರ್ಶಿನಿಯ ತಳದ ತಟ್ಟೆಯಂತೆ ಕೊನೆಯವರೆಗೂ ಅಡಿಯಲ್ಲೇ ಉಳಿಯಿತು.

ಇಲ್ಲೊಂದು ತಮಾಷೆಯಿದೆ. ಕ್ಯೂ ಒಟ್ಟು ಐದು ಊರುಗಳನ್ನು ಹೊರತೆಗೆದು ನೋಡಿತು, ಸ್ಟ್ಯಾಕ್ ನಾಲ್ಕನ್ನೇ. ಬೇಗ ಮುಗಿಸಿದ್ದು ಸ್ಟ್ಯಾಕ್, ಆದರೆ ಪ್ರಯಾಣಿಕನನ್ನು ಸುತ್ತು ಹಾಕಿಸಿದ್ದೂ ಅದೇ. ಬೇಲೂರನ್ನು ಕೊನೆಗೆ ಸೇರಿಸಿದ್ದರೆ ಸ್ಟ್ಯಾಕಿಗೂ ಎರಡು ಬಸ್ಸಿನ ದಾರಿ ಸಿಗುತ್ತಿತ್ತು, ಆದರೆ ಅದು ಅದೃಷ್ಟದ ಮಾತು. ಕ್ಯೂಗೆ ಅದೃಷ್ಟ ಬೇಕಿಲ್ಲ. ಒಂದು ಬಸ್ಸಿನಲ್ಲಿ ತಲುಪುವ ಊರುಗಳೆಲ್ಲ ಹೊರಬಂದ ಮೇಲಷ್ಟೇ ಎರಡು ಬಸ್ಸಿನ ಊರುಗಳ ಸರದಿ, ಅವು ಮುಗಿದ ಮೇಲೆ ಮೂರರದ್ದು. ಹಾಗಾಗಿ ಊರುಗಳನ್ನು ಯಾವ ಕ್ರಮದಲ್ಲಿ ಸೇರಿಸಿದರೂ ಮೊದಲು ಸಿಗುವ ಉತ್ತರವೇ ಅತಿ ಕಡಿಮೆ ಬಸ್ಸುಗಳದ್ದು. ಗೋಜಲು ದಾರಿಗಳ ಜಾಲದಲ್ಲಿ ಹತ್ತಿರದ ದಾರಿ ಹುಡುಕುವ ಈ ಕ್ರಮವನ್ನು ಅಮೆರಿಕದ ಎಡ್ವರ್ಡ್ ಮೂರ್ 1959ರಲ್ಲಿ ಪ್ರಕಟಿಸಿದರು.

ಪೈಥಾನ್ ಭಾಷೆಯಲ್ಲಿ ಬರೆದರೆ ಎರಡೂ ಪ್ರೋಗ್ರಾಮುಗಳ ನಡುವಿನ ಅಂತರ ಒಂದೇ ಸಾಲು:

```python
ooru = patti.popleft()   # ಕ್ಯೂ: ಮೊದಲು ಬಂದದ್ದು
ooru = patti.pop()       # ಸ್ಟ್ಯಾಕ್: ಕೊನೆಗೆ ಬಂದದ್ದು
```

ಇಲ್ಲಿ `patti` ಎನ್ನುವುದು `deque` ಆಗಿರಬೇಕು. ಹೊಸಬರು ಅದರ ಬದಲು ಮಾಮೂಲಿ ಲಿಸ್ಟ್ ಇಟ್ಟುಕೊಂಡು `pop(0)` ಎಂದು ಬರೆಯುವುದುಂಟು. ಉತ್ತರ ಸರಿಯಾಗಿಯೇ ಬರುತ್ತದೆ. ಆದರೆ ತುದಿಯ ಒಂದು ಹೆಸರು ಹೋದಾಗಲೆಲ್ಲ ಹಿಂದಿನವೆಲ್ಲ ಒಂದೊಂದು ಮನೆ ಮುಂದಕ್ಕೆ ಸರಿಯಬೇಕು. ಟಿಕೆಟ್ ಸಾಲಿನಲ್ಲಿ ಎಲ್ಲರೂ ಒಟ್ಟಿಗೆ ಒಂದು ಹೆಜ್ಜೆ ಇಡುತ್ತಾರೆ, ಕಂಪ್ಯೂಟರ್ ಅವರನ್ನು ಒಬ್ಬೊಬ್ಬರನ್ನಾಗಿ ಎತ್ತಿ ಕೂರಿಸಬೇಕು. ಹತ್ತು ಊರಿದ್ದಾಗ ಇದು ಗೊತ್ತೇ ಆಗುವುದಿಲ್ಲ, ಲಕ್ಷ ಹೆಸರು ನಿಂತಾಗ ಪ್ರೋಗ್ರಾಮು ತೆವಳತೊಡಗುತ್ತದೆ. `deque` ಯಾರನ್ನೂ ಸರಿಸುವುದಿಲ್ಲ. ಸಾಲು ಎಲ್ಲಿಂದ ಶುರು ಎಂಬ ಗುರುತನ್ನಷ್ಟೇ ಮುಂದಕ್ಕೆ ಇಡುತ್ತದೆ.

ಹಾಗಾದರೆ ಸ್ಟ್ಯಾಕ್ ಯಾಕೆ ಬೇಕು? ಒಂದು ಕಾರಣ ಜಾಗ. ಪ್ರತಿ ಊರಿನಿಂದಲೂ ಹತ್ತು ಹೊಸ ಊರಿಗೆ ಬಸ್ಸಿದ್ದರೆ, ನಾಲ್ಕನೇ ಬಸ್ಸಿನ ಊರುಗಳ ಸರದಿ ಬರುವ ಹೊತ್ತಿಗೆ ಕ್ಯೂನಲ್ಲಿ 10,000 ಹೆಸರು ನಿಂತಿರುತ್ತವೆ. ಅಷ್ಟೇ ದೂರ ಹೋಗುವಾಗ ಸ್ಟ್ಯಾಕಿನಲ್ಲಿ ಇರುವುದು 37. ದಾರಿ ಚಿಕ್ಕದಾಗಿರಲೇಬೇಕು ಎಂದೇನಿಲ್ಲ, ದಾರಿ ಇದೆಯೇ ಇಲ್ಲವೇ ಎಂದು ತಿಳಿದರೆ ಸಾಕು ಎನ್ನುವಾಗ ಈ ಉಳಿತಾಯ ದೊಡ್ಡದು.

ಇನ್ನೊಂದು ಕಾರಣ ವಾಪಸ್ ಬರುವುದು. ಒಂದು ಫಂಕ್ಷನ್ ತನ್ನ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿ ಇನ್ನೊಂದನ್ನು ಕರೆದಾಗ, ಎಲ್ಲಿ ನಿಲ್ಲಿಸಿದ್ದೆ ಎಂಬ ಗುರುತನ್ನು ಅಟ್ಟಿಯ ಮೇಲಿಡುತ್ತದೆ. ಕೊನೆಗೆ ಕರೆಸಿಕೊಂಡದ್ದು ಮೊದಲು ಮುಗಿಯಬೇಕಾದ್ದರಿಂದ ಇಲ್ಲಿ ಕ್ಯೂ ನಡೆಯುವುದಿಲ್ಲ. ಅಲನ್ ಟ್ಯೂರಿಂಗ್ 1940ರ ದಶಕದ ನಡುವಿನಲ್ಲೇ ತಮ್ಮ ಕಂಪ್ಯೂಟರ್ ವಿನ್ಯಾಸದಲ್ಲಿ ಇಂಥ ಗುರುತುಗಳನ್ನು ಹೂತಿಟ್ಟು ಅಗೆದು ತೆಗೆಯುವ ಮಾತಾಡಿದ್ದರು. ಜರ್ಮನಿಯ ಫ್ರೀಡ್ರಿಖ್ ಬಾವರ್ ಮತ್ತು ಕ್ಲಾಸ್ ಸಾಮೆಲ್ಸನ್ 1957ರಲ್ಲಿ ಸ್ಟ್ಯಾಕಿಗೆ ಪೇಟೆಂಟ್ ಅರ್ಜಿ ಹಾಕಿದರು.

ತನ್ನನ್ನೇ ತಾನು ಕರೆದುಕೊಳ್ಳುವ ಫಂಕ್ಷನ್ ಬರೆದವರು ಸ್ಟ್ಯಾಕಿನ ಹೆಸರೆತ್ತದಿದ್ದರೂ ಬಳಸುತ್ತಿರುವುದು ಅದನ್ನೇ. ಇದು ಗೊತ್ತಾಗುವುದು ಕೆಟ್ಟಾಗ. ನೋಡಿದ ಊರನ್ನು ಗುರುತು ಹಾಕಿಕೊಳ್ಳಲು ಮರೆತರೆ ಹಾಸನದಿಂದ ಬೇಲೂರು, ಬೇಲೂರಿನಿಂದ ಮತ್ತೆ ಹಾಸನ ಎಂದು ಪ್ರೋಗ್ರಾಮು ಅಲೆಯುತ್ತಲೇ ಇರುತ್ತದೆ, ಅಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಪೈಥಾನ್ ಸಾಮಾನ್ಯವಾಗಿ ಸುಮಾರು 1,000 ಕರೆಗಳ ಆಳಕ್ಕೆ ತಡೆದು `RecursionError` ಎಂದು ತೋರಿಸುತ್ತದೆ. ಕ್ಯೂ ಬಳಸಿ ಇದೇ ತಪ್ಪು ಮಾಡಿದರೆ ಅಂಥ ಸೂಚನೆ ಸಿಗುವುದಿಲ್ಲ. ಚಿಕ್ಕಮಗಳೂರಿಗೆ ದಾರಿಯೇ ಇಲ್ಲದಿದ್ದರೆ ಸಾಲು ಸದ್ದಿಲ್ಲದೆ ಉದ್ದವಾಗಿ ಮೆಮೊರಿಯನ್ನು ನುಂಗುತ್ತದೆ.

ಕ್ಯೂ ಕೊಟ್ಟ ಮಾತಿಗೂ ಒಂದು ಮಿತಿಯಿದೆ. ಅದು ಎಣಿಸುವುದು ಬಸ್ಸುಗಳನ್ನು, ಗಂಟೆಗಳನ್ನಲ್ಲ. ಬೇಲೂರಿನಲ್ಲಿ ಮುಂದಿನ ಬಸ್ಸಿಗೆ ಎರಡು ತಾಸು ಕಾಯಬೇಕಿದ್ದರೆ ಮೂರು ಬಸ್ಸಿನ ದಾರಿಯೇ ಮೊದಲು ತಲುಪಿಸೀತು. ಸಮಯ ಲೆಕ್ಕಕ್ಕೆ ಬಂದರೆ ಸಾಲಿನ ನಿಯಮ ಬದಲಾಗಬೇಕು: ಯಾವಾಗ ಬಂದು ನಿಂತಿತು ಎಂದು ನೋಡದೆ, ಎಲ್ಲಕ್ಕಿಂತ ಬೇಗ ತಲುಪಬಹುದಾದ ಊರನ್ನು ಮೊದಲು ಹೊರಗೆ ಕರೆಯಬೇಕು. ಇದರ ಮೂಲದಲ್ಲಿರುವ ವಿಧಾನ ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಅವರದ್ದು. ರಾಟರ್‌ಡ್ಯಾಮಿನಿಂದ ಗ್ರೋನಿಂಗನ್‌ಗೆ ಹತ್ತಿರದ ದಾರಿ ಯಾವುದು ಎಂಬ ಪ್ರಶ್ನೆ ಹಿಡಿದು 1956ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಕೆಫೆಯೊಂದರಲ್ಲಿ ಕೂತಿದ್ದಾಗ ಅವರಿಗದು ಹೊಳೆಯಿತು, ಅಚ್ಚಾದದ್ದು 1959ರಲ್ಲಿ. ಈ ಸಾಲಿನಿಂದ ಒಂದು ಊರು ಹೊರಬಂದಿತೆಂದರೆ ಅದಕ್ಕಿಂತ ಬೇಗ ಆ ಊರು ಸೇರುವ ದಾರಿ ಇನ್ನಿಲ್ಲ. ಯಾವ ಬಸ್ಸೂ ಹೊರಟದ್ದಕ್ಕಿಂತ ಮೊದಲೇ ತಲುಪುವುದಿಲ್ಲವಾದ್ದರಿಂದ ಈ ಲೆಕ್ಕ ತಪ್ಪುವುದಿಲ್ಲ.